ಹಸಿರಾಗಿಯೇ ಉಳಿದ ಒಂದು ಮರ

ಹದಿನಾರನೆಯ ದಿನದ ಕಾರ್ಯ ಮುಗಿಸಿ ನೆಂಟರೆಲ್ಲ ಸೂಲೂರು ಬಿಟ್ಟು ಹೋದ ಮರುದಿನ, ಹಾಲಿನವನು ಎಂದಿನಂತೆ ಬಂದ. ಕಾರ್ತಿಕಾ ಎಂದಿನಂತೆ ಎರಡು ಪಾಕೆಟ್ ತೆಗೆದುಕೊಂಡಳು. ಒಲೆಯ ಮೇಲೆ ಪಾತ್ರೆ ಇಟ್ಟ ಮೇಲೆ, ಒಂದೇ ಸಾಕಿತ್ತಲ್ಲ ಎಂದು ಹೊಳೆಯಿತು. ಎರಡನ್ನೂ ಕಾಯಿಸಿದಳು.

ಅತ್ತೆ ಕಮಲಾತಾಳ್ ಮಗ್ಗ ನಿಂತುಹೋದ ಹಳೆಯ ಕೋಣೆಯ ಬಾಗಿಲಲ್ಲಿ ಕೂತು ಕಾಫಿ ಕುಡಿದರು. ಕುಡಿದು ಹೇಳಿದರು, "ಕೆಳಗೆ ಹೋಗಿ ಸ್ಟುಡಿಯೋ ಬಾಗಿಲು ತೆಗಿ ಕಂದಾ. ಮುಚ್ಚೇ ಇದ್ರೆ ಊರು ಮರ್ತುಬಿಡುತ್ತೆ."

ಸ್ಟುಡಿಯೋ ಮನೆಯ ಕೆಳಗೇ ಇತ್ತು. ಫೋಟೋ ತೆಗೆಯುತ್ತಿದ್ದವನು ಅವಳ ಗಂಡ ದಿವಾಕರ್. ಕಂಪ್ಯೂಟರಿನಲ್ಲಿ ತಿದ್ದುವ ಕೆಲಸದಲ್ಲಿ ಇಬ್ಬರ ಕೈಯೂ ಇರುತ್ತಿತ್ತು. ಕೊಯಮತ್ತೂರಿನಲ್ಲಿ ಅದನ್ನೇ ಓದಿ ಪದವಿ ಪಡೆದವಳು ಅವಳು. ಅವಿನಾಶಿ ರಸ್ತೆಯಲ್ಲಿ ಲಾರಿ ಬೈಕಿಗೆ ಬಡಿದು ಅವನು ಹೋದ ದಿನವೂ ಇಬ್ಬರೂ ಒಂದೇ ಚಿತ್ರದ ಮೇಲೆ ಕೂತಿದ್ದರು. ಅದು ನಿವೇತಾಳ ಮದುವೆ ಆಲ್ಬಮ್ಮಿನ ನಡುಪುಟದ ಚಿತ್ರ. ಮದುವೆಯಾದ ಮೂರನೇ ದಿನ ವಾಲ್ಪಾರೈಯ ಟೀ ತೋಟದಲ್ಲಿ ತೆಗೆದದ್ದು. ಹುಡುಗಿಯ ಕುತ್ತಿಗೆಯಲ್ಲಿ ತಾಳಿಯ ಹೊಸ ಅರಿಶಿನ ದಾರ, ಮದುಮಗನಿಗೆ ಬಿಳಿ ಶರಟು, ಸುತ್ತ ಬೇಸಿಗೆಯ ದಟ್ಟ ಹಸಿರು. ಹುಡುಗಿಗೆ ಆ ಹಸಿರು ಬೇಕಿರಲಿಲ್ಲ. "ಫಾರಿನ್ನಲ್ಲಿ ಎಲೆ ಉದುರೋ ಕಾಲದಲ್ಲಿ ಇರುತ್ತಲ್ಲ ಅಣ್ಣಾ, ಹಂಗೆ ಕೆಂಪು, ಚಿನ್ನದ ಬಣ್ಣ ಬರ್ಬೇಕು" ಎಂದು ದಿವಾಕರನಿಗೆ ಹೇಳಿದ್ದಳು.

ಬಾಗಿಲು ತೆಗೆದ ಅರ್ಧ ಗಂಟೆಯಲ್ಲೇ ಲೋಗನಾಥನ್ ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ಅವನದೂ ಒಂದು ಸ್ಟುಡಿಯೋ. ದಿವಾಕರ್ ಅವನಿಂದ ಎರವಲು ತಂದಿದ್ದ ಪೆನ್ ಟ್ಯಾಬ್ಲೆಟ್, ಅಂದರೆ ಪೆನ್ನಿನಿಂದ ಗೀಚಿದ್ದು ಪರದೆಯ ಮೇಲೆ ಮೂಡುವ ಆ ಕಪ್ಪು ಹಲಗೆ, ಮೇಜಿನ ಮೇಲೇ ಇತ್ತು. ಅವನು ಅದನ್ನು ನೋಡಿದ, ವಾಪಸ್ ಕೇಳಲಿಲ್ಲ.

"ತಂಗಚ್ಚೀ, ಹೆಂಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ನಿವೇತಾ ಮನೆಯವ್ರು ನನ್ನ ಹತ್ರ ಬಂದಿದ್ರು. ಆ ಫೋಟೋ ನೀನೇ ಮುಗಿಸು ಅಂತಾರೆ."

"ಇನ್ನೆರಡು ದಿನದ ಕೆಲಸ ಅಣ್ಣಾ. ನಾನೇ ಮಾಡ್ತೀನಿ."

"ನೀನು ಮಾಡ್ತೀಯ, ನಂಗೊತ್ತು. ಆದ್ರೆ ಅವ್ರ ಅಜ್ಜಿ ಸುಬ್ಬಾತಾಳ್ ಇದ್ದಾರಲ್ಲ..." ಅವನು ಗೋಡೆ ನೋಡಿದ. "ಮದುವೆ ಫೋಟೋ. ಕಟ್ಟಿದ ದಾರ ಇನ್ನೂ ಹಸಿ. ಆ ಕೈ ಬೇಡ ಅಂತಾರಮ್ಮ."

ಕಾರ್ತಿಕಾ ತನ್ನ ಕೈ ನೋಡಿಕೊಂಡಳು. ಬಳೆ ಇಲ್ಲದ್ದರಿಂದ ಮೌಸ್ ಹಿಡಿಯಲು ಹಗುರ ಅನ್ನಿಸುತ್ತಿತ್ತು, ಅಷ್ಟೆ.

"ಮುಗಿಸಿ ಕೊಡ್ತೀನಿ. ನಿಮ್ಮ ಹೆಸ್ರಲ್ಲೇ ಕೊಡಿ" ಎಂದಳು.

ಅವನಿಗೆ ನಿರಾಳವಾಯಿತು. ಅದನ್ನು ಮುಚ್ಚಿಟ್ಟುಕೊಳ್ಳಲು ಅವನಿಗೆ ಬರಲಿಲ್ಲ.

ಅವಳಿಗೆ ಆ ಚಿತ್ರ ಬಿಟ್ಟುಕೊಡುವುದು ಆಗುತ್ತಿರಲಿಲ್ಲ. ದಿವಾಕರನ ಕೈ ಕೊನೆಗೆ ನಿಂತ ಜಾಗ ಅದರೊಳಗಿತ್ತು. ಕಡತ ತೆರೆದಳು. ನೋಡುವ ಕಣ್ಣಿಗೆ ಎಲೆ ಹಸಿರು. ಕ್ಯಾಮೆರಾ ಹಿಡಿದ ಎಲೆಯಲ್ಲಿ ಹಸಿರಿಗಿಂತ ಹಳದಿಯೇ ಹೆಚ್ಚು. ಹಾಗಾಗಿ ಹಳದಿಯನ್ನು ಆರಿಸಿ ಅದರ ವರ್ಣವನ್ನು ಕೆಂಪಿನ ಕಡೆ ತಳ್ಳಬೇಕು. ಸ್ವಲ್ಪ ತಳ್ಳಿದರೆ ಚಿನ್ನ, ಇನ್ನೂ ತಳ್ಳಿದರೆ ಕಿತ್ತಳೆ, ಮತ್ತೂ ತಳ್ಳಿದರೆ ತುಕ್ಕು. ಆದರೆ ಕಂಪ್ಯೂಟರಿಗೆ ಎಲೆ ಯಾವುದು, ಅರಿಶಿನ ದಾರ ಯಾವುದು ಎಂದು ತಿಳಿಯದು. ಹಳದಿ ಎಲ್ಲಿದ್ದರೂ ಹಿಡಿಯುತ್ತದೆ. ಅದಕ್ಕೇ ಪ್ರತಿ ಬಣ್ಣದ ಪದರಕ್ಕೂ ಒಂದು ಕಪ್ಪು ಮರೆ ಹಾಕಿ, ಬಣ್ಣ ಬೇಕಾದಲ್ಲಿ ಮಾತ್ರ ಬಿಳಿಯ ಕುಂಚದಿಂದ ಮರೆ ತೆಗೆಯುತ್ತ ಹೋಗಬೇಕು.

ದಿವಾಕರ್ ಮೂರು ಪದರ ಮಾಡಿದ್ದ. ಬಿಸಿಲು ಬಿದ್ದ ತುದಿಗಳಿಗೆ ಚಿನ್ನ, ನಡುವಿಗೆ ಕಿತ್ತಳೆ, ನೆರಳಿನ ಕೊಂಬೆಗಳಿಗೆ ತುಕ್ಕು. ಟೀ ಗಿಡಗಳನ್ನು ಮುಟ್ಟಿರಲಿಲ್ಲ. ಅವು ಯಾವ ಕಾಲದಲ್ಲೂ ಹಸಿರೇ. ಹಿಂದಿನ ಸಾಲಿನ ಒಂದು ಸಿಲ್ವರ್ ಓಕ್ ಮರವನ್ನೂ ಬಿಟ್ಟಿದ್ದ. ಆ ಮರೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆದಿದ್ದ, ಮನೆಮಾತು ಕನ್ನಡವಾದರೂ ಅದರ ಅಕ್ಷರ ಅವನಿಗೆ ಬರುತ್ತಿರಲಿಲ್ಲ: ಮುಟ್ಟಬೇಡ. ಎಲ್ಲ ಮರದ ಎಲೆಯೂ ಒಟ್ಟಿಗೆ ಹಣ್ಣಾದರೆ ಯಾರಿಗೆ ನಂಬಿಕೆ ಬರುತ್ತೆ ಹೇಳು, ಒಂದಾದರೂ ಹಿಂದೆ ಉಳೀಬೇಕು ಎನ್ನುತ್ತಿದ್ದ.

ಎಡಗಡೆಯ ಮರದ ಅರ್ಧ ಕೊಂಬೆಯಲ್ಲಿ ಅವನ ಕುಂಚ ನಿಂತಿತ್ತು. ಅಲ್ಲಿಂದ ಅವಳು ಹಿಡಿದಳು. ಪೆನ್ನನ್ನು ಒತ್ತಿದಷ್ಟು ಬಣ್ಣ ಗಾಢ, ತೇಲಿಸಿದರೆ ತೆಳು. ಎರಡು ಹಗಲು ಎಲೆ ಎಲೆಯಾಗಿ ಹೋದಳು. ಮದುಮಗನ ಬಿಳಿ ಶರಟಿನ ಮೇಲೆ ತಲೆಯ ಮೇಲಿನ ಕೊಂಬೆಯಿಂದ ಸೋಸಿ ಬಂದ ಹಸಿರು ಛಾಯೆ ಉಳಿದಿತ್ತು. ಕೊಂಬೆ ಕೆಂಪಾದ ಮೇಲೆ ಶರಟು ಹಸಿರಾಗಿದ್ದರೆ ಸುಳ್ಳು ಹೊರಬೀಳುತ್ತದೆ. ಅದನ್ನೂ ಬಸಿದು ತೆಗೆದಳು. ಕೊನೆಗೆ ಚಿತ್ರವನ್ನು ಎಷ್ಟೋ ಪಟ್ಟು ಹಿಗ್ಗಿಸಿ ಹುಡುಗಿಯ ಕುತ್ತಿಗೆಗೆ ಬಂದಳು. ಅರಿಶಿನ ದಾರದ ಒಂದೊಂದು ಎಳೆಯ ಅಂಚಿನಲ್ಲೂ ಕುಂಚ ನಡೆಸಿ, ಬಣ್ಣ ತಾಕದಂತೆ ಕಾದಳು. ಅವಳಿಗೆ ಏನೂ ಅನ್ನಿಸಲಿಲ್ಲ. ಅದೇ ಅವಳಿಗೆ ವಿಚಿತ್ರವೆನಿಸಿತು.

ಪದರಗಳನ್ನೆಲ್ಲ ಒಂದಾಗಿಸಿದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಲೋಗನಾಥನಿಗೆ ಕೊಟ್ಟಳು.

ಹತ್ತು ದಿನದ ಮೇಲೆ ಸುಬ್ಬಾತಾಳ್ ಮೊಮ್ಮಗಳನ್ನು ಕರೆದುಕೊಂಡು ಸ್ಟುಡಿಯೋಗೆ ಬಂದರು. ಒಳಗೆ ಕಾಲಿಡಲಿಲ್ಲ. ಆಲ್ಬಮ್ಮನ್ನು ಹೊಸ್ತಿಲಾಚೆಯಿಂದಲೇ ಮೇಜಿನ ಮೇಲೆ ಎಸೆದರು.

"ಲೋಗು ಬಾಯಿಬಿಟ್ಟ. ಬೇಡ ಅಂತ ಹೇಳಿ ಕಳ್ಸಿದ್ರೂ ಕೈ ಹಾಕಿದ್ಯಲ್ಲ ತಾಯಿ! ನೋಡು, ದಾರ ಹೆಂಗಾಗಿದೆ ನೋಡು!"

ಕಾರ್ತಿಕಾ ನಡುಪುಟ ತೆರೆದಳು. ಸಿಲ್ವರ್ ಓಕ್ ಕೆಂಪಾಗಿತ್ತು. ಟೀ ಗಿಡಗಳೂ ಕಂದಿದ್ದವು. ಚಿನ್ನದ ತುದಿಗಳು ಇಟ್ಟಿಗೆಯಂತಾಗಿದ್ದವು. ಹುಡುಗಿಯ ಮುಖ ಜ್ವರ ಬಂದಂತೆ ಕೆಂಪೇರಿತ್ತು, ಕುತ್ತಿಗೆಯಲ್ಲಿ ತುಕ್ಕು ಹಿಡಿದ ತಂತಿಯಂಥದೊಂದು ನೇತಾಡುತ್ತಿತ್ತು.

"ನೀವು ಆ ಒಂದು ಮರಾನೂ ಕೆಂಪು ಮಾಡಿ ಅಂದ್ರಾ?" ಎಂದು ನಿವೇತಾಳನ್ನು ಕೇಳಿದಳು.

"ಹೌದಕ್ಕಾ. ಒಂದು ಮರ ಬಿಟ್ಟುಹೋಗಿದೆ ಅಂತ ಅಂದ್ಕೊಂಡೆ. ಲೋಗು ಅಣ್ಣ ನಮ್ಮೆದುರೇ ಒಂದು ನಿಮಿಷದಲ್ಲಿ ಮಾಡಿದ್ರು. ಚಿಕ್ಕದಾಗಿ ನೋಡಿದಾಗ ಚೆನ್ನಾಗೇ ಇತ್ತು."

ಕಾರ್ತಿಕಾ ತನ್ನ ಪ್ರತಿಯನ್ನು ಪರದೆಯ ಮೇಲೆ ತೆರೆದು ತಿರುಗಿಸಿದಳು. ಕೆಂಪು, ಚಿನ್ನ, ಹಿಂದೆ ಒಂದು ಹಸಿರು ಮರ. ನಡುವೆ ದಾರ, ಆಗಷ್ಟೇ ಅರಿಶಿನದಲ್ಲಿ ಅದ್ದಿದಂತೆ. ನಿವೇತಾ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ಅಜ್ಜಿ, ಇದು ಎಷ್ಟು ಚೆನ್ನಾಗಿದೆ..."

"ನಡಿಯೇ." ಮುದುಕಿ ಪರದೆಯ ಕಡೆ ತಿರುಗಲೇ ಇಲ್ಲ. "ಯಾವ್ದಾದ್ರೇನು, ಎರಡೂ ಅದೇ ಕೈ ದಾಟಿ ಬಂದಿದ್ದು."

ಅವರು ಹೋದ ಮೇಲೆ ಕಾರ್ತಿಕಾ ಟ್ಯಾಬ್ಲೆಟ್ಟಿನ ಕೇಬಲ್ ಬಿಚ್ಚಿದಳು. ಒದ್ದೆ ಬಟ್ಟೆಯಿಂದ ಒರೆಸಿದಳು. ಒಂದು ಮೂಲೆಯಲ್ಲಿ ದಿವಾಕರನ ಹೆಬ್ಬೆರಳು ಊರುತ್ತಿದ್ದ ಜಾಗ ನುಣುಪಾಗಿ ಹೊಳೆಯುತ್ತಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ.

ಲೋಗನಾಥನ ಸ್ಟುಡಿಯೋದಲ್ಲಿ ಮದುವೆ ಫೋಟೋ ಮಾತಾಡಲು ಬಂದ ಒಂದು ಮನೆಯವರು ಕೂತಿದ್ದರು. ಅವಳನ್ನು ಕಂಡು ಅವನು ತಡಬಡಿಸಿ ಎದ್ದ.

"ಬಾ ತಂಗಚ್ಚೀ. ಕೋಪ ಮಾಡ್ಕೋಬೇಡ. ಅವ್ರು ಕೂಗಾಡಿದ್ರು, ನಿನ್ನ ಹೆಸ್ರು ಬಾಯಿಗೆ ಬಂದ್ಬಿಡ್ತು." ಅವಳ ಕೈಯಲ್ಲಿದ್ದ ಟ್ಯಾಬ್ಲೆಟ್ ನೋಡಿ ದನಿ ತಗ್ಗಿಸಿದ. "ಇದನ್ನ ನೀನೇ ಇಟ್ಕೋ. ಮನೇಲೇ ಕೂತು ಮಾಡು, ಕೆಲಸ ನಾನು ತಂದ್ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ನಿಮ್ಮ ಹೆಸ್ರಲ್ಲೇನಾ ಅಣ್ಣಾ?"

"ಮತ್ತೆ?"

"ಕೆಟ್ರೆ ಮಾತ್ರ ನನ್ನ ಹೆಸ್ರಲ್ಲೇನಾ?"

ಕೂತಿದ್ದವರು ಮಾತು ನಿಲ್ಲಿಸಿ ಇತ್ತ ನೋಡಿದರು. ಕಾರ್ತಿಕಾ ದನಿ ತಗ್ಗಿಸಲಿಲ್ಲ.

"ಒಂದು ಮರಕ್ಕೋಸ್ಕರ ಇಡೀ ಚಿತ್ರದ ಹಳದಿ ತಳ್ಳಿದ್ರಿ. ದಾರಾನೂ ಹಳದಿ. ಮರೆ ಹಾಕ್ಬೇಕಿತ್ತು."

ಟ್ಯಾಬ್ಲೆಟ್ಟನ್ನು ಅವನ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಪೆನ್ನು. ಸುತ್ತಿದ ಕೇಬಲ್ಲನ್ನು ಅದರ ಮೇಲಿಟ್ಟು, "ದಿವಾಕರ್ ನಿಮ್ಮಿಂದ ತಂದಿದ್ದು" ಎಂದಳು.