ದಾದಾನ ಮಾತಿಗೆ ಡೊಂಕು ಚಿಹ್ನೆ

ಊಟದ ನಂತರ ಅಫಜಲಪುರ ಅರ್ಧ ನಿದ್ದೆಯಲ್ಲಿರುತ್ತದೆ. ಕಬ್ಬಿನ ಲಾರಿಯ ಸದ್ದು ಕೂಡ ಆಗ ದೂರದ ನೀರಿನ ಸದ್ದಿನಂತೆ ಕೇಳುತ್ತದೆ. ನಮ್ಮ ಪುಟ್ಟ ಆಫೀಸಿನ ಫ್ಯಾನಿನ ಕೆಳಗೆ ನಾನೂ ತೇಲುತ್ತಿದ್ದೆ. ಅಷ್ಟರಲ್ಲಿ ಜೊತೆಗೆ ಕೆಲಸ ಮಾಡುವ ಅಂಬಾರಾಯಣ್ಣ ಮೇಜು ಕುಟ್ಟಿದ.

"ಜಸ್ಮೀನ, ಪ್ರೋಗ್ರಾಂ ನಿಂತದ! ಮ್ಯಾಲಿನ ಬ್ಯಾರೇಜಿನಿಂದ ಇವತ್ತು ಸಂಜಿಗಿ ನೀರು ಬಿಡ್ತಾರಂತ!"

ಭೀಮಾ ನದಿಯ ಮಟ್ಟ ಒಂದು ಮಿತಿ ದಾಟಿದರೆ ದಂಡೆಯ ಊರುಗಳಿಗೆ ತಾನೇ ಫೋನು ಮಾಡುವ ಪ್ರೋಗ್ರಾಂ ನಮ್ಮದು. ಅದು ನಿಂತರೆ ಮಣ್ಣೂರಿನ ಘಾಟಿನಲ್ಲಿ, ನದಿಯಂಚಿನ ಕಲ್ಲಿನ ಮೇಲೆ ಬಟ್ಟೆ ಒಗೆಯುವವರಿಗೆ ಹೇಳುವವರಿಲ್ಲ. ಅವರಲ್ಲಿ ನನ್ನ ದಾದಿ, ಅಂದರೆ ಅಪ್ಪನ ತಾಯಿ, ಮೆಹರಾಜಬೇಗಂ ಕೂಡ ಒಬ್ಬಳು. ಮನೆಯಲ್ಲಿ ನಲ್ಲಿ ಇದೆ, ಆದರೆ ನದಿಯ ನೀರಲ್ಲದೆ ಬಟ್ಟೆ ಬೆಳ್ಳಗಾಗುವುದಿಲ್ಲ ಎಂಬುದು ಅವಳ ಹಟ.

ತಪ್ಪು ಅಂಬಾರಾಯಣ್ಣನದೇ. ಪ್ರತಿ ಘಾಟಿಗೂ ಹೊಸ ಸಂದೇಶದ ಸಾಲುಗಳನ್ನು ಪತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಟೈಪು ಮಾಡಿ, ಕೋಡಿನ ನಡುನಡುವೆ ಅಂಟಿಸಿದ್ದ. ಅದು ಟೈಪು ಮಾಡುವಾಗಲೇ ನೆಟ್ಟಗಿನ ಉದ್ಧರಣ ಚಿಹ್ನೆ " ಅನ್ನು “ ” ಎಂದು ಡೊಂಕು ಮಾಡಿಬಿಡುತ್ತದೆ. ಓದಲು ಅಂದ, ಆದರೆ ಕೋಡಿಗೆ ಅದು ಗುರುತಿಲ್ಲದ ಅಕ್ಷರ. ಮೊದಲ ಡೊಂಕು ಚಿಹ್ನೆಯಲ್ಲೇ ಪ್ರೋಗ್ರಾಂ ಮುಗ್ಗರಿಸಿತ್ತು.

"ಎಲ್ಲಾ ಡೊಂಕು ಒಮ್ಮೆಲೇ ನೆಟ್ಟಗ ಮಾಡಿಬಿಡ್ತೇನಿ" ಎಂದ.

"ನೆಗಡಿ ಬಂತಂತ ಮೂಗು ಕೊಯ್ಕೋತಾರೇನ್ರಿ ಅಣ್ಣಾ? ಕಾಮೆಂಟಿನ್ಯಾಗ ನಮ್ಮ ದಾದಾ ಇದ್ದಾನ."

ಕಾಮೆಂಟು ಎಂದರೆ ಕಂಪ್ಯೂಟರು ಓದದೆ ಬಿಡುವ, ಮನುಷ್ಯರಿಗಾಗಿ ಬರೆದ ಸಾಲು. ಪ್ರತಿ ಘಾಟಿನ ಮಿತಿ ಏಕೆ ಅಷ್ಟು ಎಂದು ಅಲ್ಲಿ ಬರೆದಿದ್ದೇವೆ. ಊರವರ ಬಾಯಿಂದ ಬಂದ ಮಾತಿಗೆ ಡೊಂಕು ಚಿಹ್ನೆ, ನಮ್ಮ ಅಂದಾಜಿಗೆ ನೆಟ್ಟಗಿನದು. ಅಂದಾಜನ್ನು ತಿದ್ದಬಹುದು; ಊರವರ ಮಾತನ್ನು ಅವರನ್ನು ಕೇಳದೆ ಮುಟ್ಟುವಂತಿಲ್ಲ. ಜೊತೆಗಿನ ವಿವರಣೆ ಪುಸ್ತಕದಲ್ಲೂ ಅದೇ ಪದ್ಧತಿ. ನನ್ನ ದಾದಾ, ಅಂದರೆ ಅಜ್ಜ, ಇಮಾಮಸಾಬ ಮಣ್ಣೂರಿನಲ್ಲಿ ದೋಣಿ ನಡೆಸುತ್ತಿದ್ದ. ಹೋದ ವರ್ಷ ತೀರಿಕೊಂಡ. ಅವನನ್ನು ಇನ್ನು ಕೇಳುವುದೆಲ್ಲಿ?

ಮೇಲಾಗಿ ಕರೆಗಳು ಬೇಗ ಬರುತ್ತವೆ ಎಂಬ ದೂರು ಹೆಚ್ಚಿ, ಅಂದಾಜಿನ ಮಿತಿಗಳನ್ನೆಲ್ಲ ಇವತ್ತೇ ಏರಿಸುವುದೆಂದು ಅಂಬಾರಾಯಣ್ಣ ನಿರ್ಧರಿಸಿದ್ದ. ಚಿಹ್ನೆಗಳೆಲ್ಲ ಒಂದೇ ಆದರೆ ದಾದಾನ ಮಾತೂ ಅಂದಾಜಾಗುತ್ತದೆ. ಮಣ್ಣೂರಿನ ಮಿತಿಯೂ ಏರುತ್ತದೆ ಎಂದು ಅವನಿಗೆ ಹೇಳಿದೆ.

"ಹಂಗಾರ ನೀನೇ ಜಲ್ದಿ ಮಾಡು ತಂಗಿ" ಎಂದ, ಮುಖ ಸಣ್ಣದು ಮಾಡಿಕೊಂಡು.

ಚಿಹ್ನೆಗಳನ್ನು ತಾನೇ ತಿದ್ದುವ ಒಂದು ಚಿಕ್ಕ ಸ್ಕ್ರಿಪ್ಟು ಬರೆದೆ. ಅದು ಕೋಡಿನ ಕಡತಗಳನ್ನು ಮಾತ್ರ ತೆರೆಯಬೇಕು, ವಿವರಣೆ ಪುಸ್ತಕದ ಗೊಡವೆಗೆ ಹೋಗಬಾರದು. ಒಂದೊಂದೇ ಅಕ್ಷರ ಓದುತ್ತಾ ಹೋಗಬೇಕು. # ಕಂಡರೆ ಅಲ್ಲಿಂದ ಸಾಲಿನ ಕೊನೆವರೆಗೆ ಕಾಮೆಂಟು, ಮುಟ್ಟಬಾರದು. ಕೋಡಿನಲ್ಲಿ ಡೊಂಕು ಚಿಹ್ನೆ ಕಂಡರೆ ಅದನ್ನೂ ಅದರ ಜೋಡಿಯನ್ನೂ ನೆಟ್ಟಗೆ ಮಾಡಬೇಕು. ಅಕ್ಷರಗಳು ಪರದೆಯ ಮೇಲೆ ನಿಧಾನ ಹರಿದವು. ದಾದಾನ ದೋಣಿಯ ಅಂಚಿನಲ್ಲಿ ನೀರಿಗೆ ಕೈ ಇಳಿಬಿಟ್ಟು ಕುಳಿತ ಕಾಲ ನೆನಪಾಗಿ ಸುಮ್ಮನೆ ನೋಡುತ್ತಿದ್ದೆ.

ಪ್ರೋಗ್ರಾಂ ಮತ್ತೆ ಮುಗ್ಗರಿಸಿತು. ನದಿಯ ನಕ್ಷೆಯಲ್ಲಿ ಅಪಾಯ ತೋರಿಸುವ ಕೆಂಪು ಬಣ್ಣದ ಸಂಕೇತ # ಇಂದ ಶುರುವಾಗುತ್ತದೆ, ಅದು ಚಿಹ್ನೆಗಳ ಒಳಗೇ ಇತ್ತು. ನನ್ನ ಸ್ಕ್ರಿಪ್ಟು ಅದನ್ನೇ ಕಾಮೆಂಟೆಂದು ನಂಬಿ ಮುಂದಿನದನ್ನು ಬಿಟ್ಟಿತ್ತು: ತೆರೆಯುವ ಚಿಹ್ನೆ ನೆಟ್ಟಗೆ, ಮುಚ್ಚುವುದು ಡೊಂಕು. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಚಿಹ್ನೆಯ ಒಳಗಿದ್ದರೆ # ಕಾಮೆಂಟಲ್ಲ ಎಂದು ಸೇರಿಸಿ, ಮೂಲ ಕಡತಗಳ ಮೇಲೆ ಮತ್ತೊಮ್ಮೆ ಓಡಿಸಿದೆ.

ಬದಲಾದ ಸಾಲುಗಳನ್ನು ಇಬ್ಬರೂ ನೋಡಿದೆವು. ಎಲ್ಲವೂ ಕೋಡಿನವು. ಕಾಮೆಂಟು ಒಂದೂ ಕದಲಿರಲಿಲ್ಲ. ಪ್ರೋಗ್ರಾಂ ಎದ್ದಿತು.

ಅಂಬಾರಾಯಣ್ಣ ಮಿತಿಗಳನ್ನು ಏರಿಸುತ್ತಾ ಮಣ್ಣೂರಿಗೆ ಬಂದ. ಅಲ್ಲಿಯ ಕಾಮೆಂಟಿನಲ್ಲಿ ದಾದಾನ ಮಾತಿತ್ತು: “ಕಲ್ಲು ಮುಳುಗೂದು ಕಾಯಬ್ಯಾಡ್ರಿ. ಬಟ್ಟಿ ಒಗಿಯವ್ರಿಗಿ ನದಿ ಸಪ್ಪಳ ಕೇಳಂಗಿಲ್ಲ. ನೀರು ಕಲ್ಲಿಗಿ ಮುಟ್ಟೂಕಿಂತ ಮೊದಲೇ ಕರೀರಿ.”

ಡೊಂಕು ಚಿಹ್ನೆ ನೋಡಿ ಅವನ ಬೆರಳು ನಿಂತಿತು. ಮಿತಿಯನ್ನು ಹಾಗೇ ಬಿಟ್ಟು ಮುಂದಿನ ಊರಿಗೆ ಹೋದ.

ಬಿಸಿಲು ಹಳದಿಗೆ ತಿರುಗಿದಾಗ ನೀರು ಬಂತು. ಪಟ್ಟಿಯಲ್ಲಿ ಮಣ್ಣೂರಿಗೆ ಎಲ್ಲಕ್ಕಿಂತ ಮೊದಲು ಕರೆ ಹೋಯಿತು. ಸ್ವಲ್ಪ ಹೊತ್ತಿಗೆ ದಾದಿಯ ಫೋನು.

"ಏನ ಬೇಟಿ ಇದು? ಕಲ್ಲು ಒಣಗೇ ಅದ, ನಿಮ್ಮ ಫೋನು ಏಳು ಏಳು ಅಂತ ಒದರಾಕತ್ತದ! ಹಸಿ ಬಟ್ಟಿ ಹೊತ್ಕೊಂಡು ಮ್ಯಾಲ ಬಂದು ನಿಂತೇನಿ" ಎಂದು ಬೈಯತೊಡಗಿದಳು.

ಬೈಗುಳ ಅರ್ಧಕ್ಕೇ ನಿಂತಿತು. ಫೋನಿನಲ್ಲಿ ನದಿಯ ಸದ್ದು ತುಂಬಿಕೊಂಡಿತು.

"ಕಲ್ಲು ಕಾಣಂಗಿಲ್ಲೋ ಯಾ ಅಲ್ಲಾ" ಎಂದಳು ಮೆಲ್ಲಗೆ. "ಬೇಟಿ, ನಿಮ್ಮ ದಾದಾನೂ ಹಿಂಗೇ ಒದರ್ತಿದ್ದ, ದೋಣ್ಯಾಗ ನಿಂತು. ನೀರು ಬರೂಕಿಂತ ಮೊದಲು. ನಾ ದಿನಾ ಅವಂಗ ಬೈತಿದ್ದೆ."