ಹಳದಿ ಕಣ್ಣು

ನನ್ನ ತಮ್ಮ ಗೋಡೆಗೆ ಬಣ್ಣ ಹೊಡೆಯುವವನು. ಒಂದು ಶಾಲೆಯ ಕಟ್ಟಡಕ್ಕೆ ಹಳದಿ ಹೊಡೆಯುತ್ತಿದ್ದಾಗ ಅವನ ಮೈ ಹಳದಿಗೆ ತಿರುಗಿತು. ಜೊತೆಯವರೆಲ್ಲ ಸೇರಿ ಅದು ಬಣ್ಣದ ಧೂಳು ಎಂದು ತೀರ್ಮಾನಿಸಿದರು. ಇವನೂ ತಲೆಯಾಡಿಸಿ ಸೀಮೆಎಣ್ಣೆ ಹಚ್ಚಿ ಕೈ ತಿಕ್ಕಿಕೊಂಡ. ಕಣ್ಣಿನ ಬಿಳಿಯೂ ಹಳದಿಯಾಗಿದೆಯಲ್ಲೋ, ಅದಕ್ಕೂ ಸೀಮೆಎಣ್ಣೆ ಹಾಕ್ತೀಯಾ ಎಂದು ನಾನು ಕೇಳಿದರೆ ಮುಖ ತಿರುಗಿಸಿದ. ಅಷ್ಟರಲ್ಲಿ ಜ್ವರ ಬಂದಿತ್ತು, ವಾಕರಿಕೆಗೆ ಊಟ ಸೇರುತ್ತಿರಲಿಲ್ಲ, ಬಲಪಕ್ಕೆಯ ಕೆಳಗೆ ಮುಟ್ಟಿದರೆ ನೋವು, ಹೊಟ್ಟೆ ಮಾತ್ರ ಉಬ್ಬುತ್ತಿತ್ತು. ಗೋಗರೆದು, ಬೈದು, ಕೊನೆಗೆ ಎಳೆದುಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಕುಡಿತದ ಬಗ್ಗೆ ಕೇಳಿದರು. ಅಪರೂಪಕ್ಕೆ ಸ್ವಲ್ಪ ಎಂದ, ಹಾಲು ಕುಡಿಯುವ ಮಗುವಿನ ಮುಖ ಮಾಡಿಕೊಂಡು. ನನಗೆ ಪಿತ್ತ ನೆತ್ತಿಗೇರಿತು. ಅವನು ಹೇಳದಿದ್ದರೆ ನಾನೇ ಹೇಳುತ್ತೇನೆಂದು ಬಾಯಿಬಿಟ್ಟೆ: ವರ್ಷಗಳಿಂದ ದಿನಾ ಕುಡಿಯುತ್ತಾನೆ, ಕಳೆದ ತಿಂಗಳು ಕೆಲಸವಿಲ್ಲದೆ ಬೆಳಗಿನಿಂದಲೇ ಶುರು, ಊಟದ ಗೊಡವೆಯೇ ಇಲ್ಲ.

ಅವನು ನನ್ನನ್ನು ಕೊಲ್ಲುವಂತೆ ನೋಡಿದ. ಆಮೇಲೆ ವಾದಕ್ಕಿಳಿದ. ಇಷ್ಟು ವರ್ಷ ಕುಡಿದರೂ ಏನೂ ಆಗಲಿಲ್ಲ, ವಾಕರಿಕೆ ಶುರುವಾದಾಗಿನಿಂದ ಒಂದು ಹನಿಯನ್ನೂ ಮುಟ್ಟಿಲ್ಲ, ಈಗ ಬಂದದ್ದು ಹೇಗೆ ಕುಡಿತದಿಂದ ಎಂದ.

ಡಾಕ್ಟರಮ್ಮ ಸಮಾಧಾನವಾಗಿಯೇ ಹೇಳಿದರು. "ಏನೂ ಆಗಿರಲಿಲ್ಲ ಅಂತಲ್ಲ, ನಿಮಗೆ ಗೊತ್ತಾಗಿರಲಿಲ್ಲ. ಯಕೃತ್ತಿನಲ್ಲಿ ಕೊಬ್ಬು ತುಂಬ್ತಾ ಹೋಗುತ್ತೆ, ನೋವೇ ಇರಲ್ಲ. ಕುಡಿತ ಹೆಚ್ಚಾಗಿ ಊಟ ಬಿಟ್ಟಾಗ ಅದು ಇದ್ದಕ್ಕಿದ್ದ ಹಾಗೆ ಊದಿಕೊಂಡು ಕೆಲಸ ನಿಲ್ಲಿಸುತ್ತೆ. ಕುಡಿಯೋದು ನಿಲ್ಲಿಸಿದ ಕೆಲವು ವಾರ ಆದಮೇಲೂ ಹೀಗಾಗಬಹುದು."

ರಕ್ತದ ಪರೀಕ್ಷೆಯಲ್ಲೂ ಅದೇ ಬಂತು. ಸಾಂಕ್ರಾಮಿಕ ಕಾಮಾಲೆ ಅಲ್ಲ, ಕುಡಿತದಿಂದಾದ ಹೆಪಟೈಟಿಸ್, ಅದೂ ತೀವ್ರವಾದದ್ದು, ಜೀವಕ್ಕೇ ಅಪಾಯ. ಮೈಯಲ್ಲಿ ಸೋಂಕೇನೂ ಇಲ್ಲವೆಂದು ಖಚಿತಪಡಿಸಿಕೊಂಡು ಊತ ಇಳಿಸುವ ಸ್ಟೀರಾಯ್ಡ್ ಶುರುಮಾಡಿದರು. ಫಲ ಕೊಡುತ್ತದೆಯೋ ಇಲ್ಲವೋ ಎಂಬುದು ವಾರದ ನಂತರ ರಕ್ತ ಪರೀಕ್ಷಿಸಿದ ಮೇಲೇ ತಿಳಿಯುವುದಂತೆ. ಊಟ ಚೆನ್ನಾಗಿ ಮಾಡಬೇಕು, ಮದ್ಯ ಜೀವಮಾನದಲ್ಲಿ ಮುಟ್ಟಬಾರದು ಎಂದರು.

ವಾರ್ಡಿನಲ್ಲಿ ಅವನ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. ಎಲ್ಲರೆದುರು ಮಾನ ಕಳೆದೆ ಎಂದ. ನಿನ್ನ ಮಾನ ಉಳಿಸಿಕೊಂಡು ನಾನೇನು ಮಾಡಲೋ, ನೀನೇ ಇಲ್ಲದಿದ್ದರೆ ಎಂದು ತಟ್ಟೆ ಮುಂದಿಟ್ಟೆ. ಎರಡು ತುತ್ತು ತಿಂದು ತಳ್ಳಿದ. ಸ್ವಲ್ಪ ಹೊತ್ತು ಕಳೆದು, ಎಲ್ಲ ಸರಿಯಾದ ಮೇಲೆ ವಾರಕ್ಕೊಮ್ಮೆ ಒಂದೇ ಒಂದು ಗ್ಲಾಸು ಆಗಬಹುದಾ ಅಂತ ಡಾಕ್ಟರನ್ನು ಕೇಳು ಅಂದ. ಆ ತಟ್ಟೆಯನ್ನು ಅವನ ತಲೆಗೇ ಕುಟ್ಟಬೇಕೆನಿಸಿತು.

ನನ್ನ ಮುಖ ನೋಡಿ ಅವನ ದನಿ ಇಳಿಯಿತು. ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

"ಅಕ್ಕ, ಭಯ ಆಗ್ತಿದೆ."

"ನಂಗೆ ಎಷ್ಟೋ ವರ್ಷದಿಂದ ಆಗ್ತಾ ಇದೆ ಕಣೋ," ಎಂದೆ. ತುತ್ತು ಅವನ ಬಾಯಿಯ ಬಳಿ ಹಿಡಿದೆ. "ಈಗ ತಿನ್ನು."

ಅವನು ಬಾಯಿ ತೆರೆದ.