ಸೆರಗಿಗೂ ಹತ್ತಿದ ಅರಿಶಿನ

ನಮ್ಮ ಹೆಡ್‌ಮಾಸ್ಟರ್ ಚಿದಂಬರ ಸರ್ ಯಾರಿಗೂ ಬೇಡವಾದ ಕೆಲಸವನ್ನು ನಗುನಗುತ್ತಲೇ ನನ್ನ ತಲೆಗೆ ಕಟ್ಟುತ್ತಾರೆ. ಶುಕ್ರವಾರ ಸಂಜೆಯೂ ಹಾಗೇ ಮಾಡಿದರು.

"ಮೇಡಂ, ನಾಳೆ ಪ್ರಾರ್ಥನೆ ಆದ್ಮೇಲೆ ಕೈ ತೊಳೆಯೋದರ ಬಗ್ಗೆ ಐದು ನಿಮಿಷ ಮಾತಾಡ್ಬಿಡಿ. ಅರ್ಧ ಸ್ಕೂಲು ಮೂಗು ಸುರಿಸ್ಕೊಂಡು ಕೂತಿದೆ. ಇನ್ನು ಕೆಲವರು ಭೇದಿ ಅಂತ ಬಂದೇ ಇಲ್ಲ."

ಆಗಲಿ ಸರ್ ಅಂದೆ. ಒಳಗೆ ಮಾತ್ರ ಕುದಿಯುತ್ತಿದ್ದೆ. ಈ ಶೀತ, ಈ ಭೇದಿಯ ದೆಸೆಯಿಂದಲೇ ನನ್ನ ಮಗಳು ಮೈತ್ರಿಯನ್ನು ನೋಡಲಾಗದೆ ನಾನು ಒದ್ದಾಡುತ್ತಿದ್ದೆ. ಅವಳು ಅರಸೀಕೆರೆಯಲ್ಲಿ ನಮ್ಮತ್ತೆ ದೇವೀರಮ್ಮನವರ ಹತ್ತಿರ ಇದ್ದಾಳೆ. ಯಜಮಾನರು ಭೀಮರಾಜ್‌ಗೆ ಅಲ್ಲೇ ರೈಲ್ವೆಯಲ್ಲಿ ಕೆಲಸ. ನನಗೆ ಅರೇಹಳ್ಳಿ ಕಡೆಯ ಈ ಶಾಲೆ. ವಾರವೆಲ್ಲ ಬಾಡಿಗೆ ರೂಮು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಮನೆ. ಆ ಶನಿವಾರಕ್ಕಾಗಿಯೇ ನಾನು ಉಳಿದ ವಾರವನ್ನು ತಳ್ಳುವುದು.

ಮೈತ್ರಿಗೆ ಈಗಷ್ಟೇ ಹೆಜ್ಜೆ ಬಂದಿದೆ. ಮೊದಲು ನಾನು ಹೋಗಿ ಬಂದ ಮೇಲೆ ಶೀತವಾಯಿತು. ಮುಂದಿನ ಸಲ ಹೋಗಿ ಬಂದ ಮೇಲೆ ಭೇದಿ ಹತ್ತಿ, ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು. ಮಗು ಮನೆಗೆ ಬಂದ ದಿನ ಅತ್ತೆ ಫೋನಿನಲ್ಲಿ ನೇರವಾಗಿ ಹೇಳಿಬಿಟ್ಟರು.

"ಇಸ್ಕೂಲ್ ಹುಡುಗ್ರ ಕಾಯ್ಲೆಯೆಲ್ಲ ನಿನ್ ಹಿಂದೇನೇ ಬತ್ತೈತೆ ಕಣವ್ವ. ಅವು ಸುಧಾರಿಸ್ಕಳ್ಳೋಗಂಟ ನೀನು ಬರಬ್ಯಾಡ."

ಹೆತ್ತವಳಿಗೆ ಬರಬೇಡ ಅನ್ನುವುದೇ? ಸಿಟ್ಟು ನೆತ್ತಿಗೇರಿತು. ಆದರೆ ಸೂಜಿ ಚುಚ್ಚಿಸಿಕೊಂಡ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದವರು ಅವರು. ಅಂದಿನಿಂದ ವಿಡಿಯೋ ಕಾಲಿನಲ್ಲೇ ಮಗಳು. ಅವಳು ಫೋನಿನ ಗಾಜನ್ನು ಅಂಗೈಯಿಂದ ತಟ್ಟುತ್ತಾಳೆ. ನಾನು ಈ ಕಡೆಯಿಂದ ಪೆದ್ದಿಯ ಹಾಗೆ ತಟ್ಟುತ್ತೇನೆ. ಅವಳ ಕತ್ತಿನ ಬೆವರಿನ ವಾಸನೆಗೆ ಎಷ್ಟು ಹಂಬಲಿಸಿದೆನೆಂದರೆ, ತರಗತಿಯಲ್ಲಿ ಯಾವುದಾದರೂ ಮಗು ಹತ್ತಿರ ಬಂದರೆ ಸುಮ್ಮನೆ ತಲೆ ಸವರುತ್ತಾ ನಿಂತುಬಿಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಬಿಸಿಯೂಟದ ಅಡುಗೆಯವರಾದ ಮುದ್ದಮ್ಮನ ಹತ್ತಿರ ಅರಿಶಿನದ ಪುಡಿ ಕೇಳಿದೆ.

"ಯಾಕ್ ಮೇಡಂ, ಯಾರ್ಗೆ ಆರತಿ?" ಅಂದರು.

"ರೋಗಕ್ಕೆ," ಅಂದೆ.

ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತರು. ಮೂರನೇ ತರಗತಿಯ ಹೇಮಾಶ್ರೀಯ ಅಂಗೈಗೆ ಅರಿಶಿನ ಹಚ್ಚಿದೆ. ಪಕ್ಕದವರ ಕೈ ಕುಲುಕು, ಅವರು ಅವರ ಪಕ್ಕದವರ ಕೈ ಕುಲುಕಲಿ ಅಂದೆ. ಹಳದಿ ಸಾಲಿನುದ್ದಕ್ಕೂ ಹೋಯಿತು.

"ಈ ಅರಿಶಿನ ಕಣ್ಣಿಗೆ ಕಾಣುತ್ತೆ. ರೋಗಾಣು ಕಾಣಲ್ಲ. ಕಕ್ಕಸಿಗೆ ಹೋಗಿ ಬಂದು ಕೈ ತೊಳೀದೆ ಊಟಕ್ಕೆ ಕೂತರೆ, ಕೈಯಲ್ಲಿರೋದು ಅನ್ನದ ಜೊತೆ ಹೊಟ್ಟೆಗೆ ಹೋಗುತ್ತೆ. ಆಮೇಲೆ ಭೇದಿ. ಸೀನಿದ ಕೈಯಲ್ಲಿ ಗೆಳೆಯನ ಕೈ ಹಿಡಿದರೆ, ಅವನು ಅದೇ ಕೈಯಲ್ಲಿ ಕಣ್ಣು ಮೂಗು ಉಜ್ಜಿಕೊಂಡರೆ, ಅವನಿಗೂ ಶೀತ. ಕೈ ತೊಳೆದರೆ ಶೀತ ಬರೋದೇ ಇಲ್ಲ ಅಂತಲ್ಲ. ಕಡಿಮೆ ಆಗುತ್ತೆ."

ನಡುವೆ ಒಂದನೇ ತರಗತಿಯ ಸಂತೋಷನ ಮೂಗು ಎಂದಿನಂತೆ ಸುರಿಯುತ್ತಿತ್ತು. ಮಾತಾಡುತ್ತಲೇ ಸೆರಗಿನಲ್ಲಿ ಒರೆಸಿದೆ. ಅವನು ನನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಿಡಿಸಿಕೊಂಡು ಮುಂದುವರಿಸಿದೆ. ಬಿಸಿಲು ಏರಿತ್ತು, ಅದೇ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಮಕ್ಕಳು ಕಿಸಕ್ಕೆಂದರು. ಚಿದಂಬರ ಸರ್ ಕೂಡ ಆ ಕಡೆ ತಿರುಗಿ ನಕ್ಕರು.

"ಮಿಸ್, ನಿಮ್ ಕೆನ್ನೆ ಮ್ಯಾಲೆಲ್ಲ ಅರಿಶಿನ ಐತೆ," ಅಂದಳು ಹೇಮಾಶ್ರೀ. "ಸೆರಗಲ್ಲೂ ಐತೆ. ನೀವು ಮನೆಗೂ ಇದೇ ಸೀರೇಲಿ ಹೋಯ್ತೀರಾ ಮಿಸ್?"

ಹುಡುಗಿ ಕೇಳಿದ್ದು ಬಣ್ಣದ ಚಿಂತೆಯಿಂದ. ನನಗೆ ಮಗಳು ನೆನಪಾದಳು. ಶನಿವಾರ ಶಾಲೆ ಬಿಟ್ಟವಳೇ ಓಡಿ ಬಸ್ಸು ಹಿಡಿಯುತ್ತೇನೆ, ಇದೇ ಸೀರೆಯಲ್ಲಿ. ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮಗುವನ್ನು ಬಾಚಿಕೊಳ್ಳುತ್ತೇನೆ, ಈ ಸೆರಗಿನಲ್ಲೇ ಸುತ್ತಿ, ಈ ಕೈಯಲ್ಲೇ ಬಾಯಿ ಒರೆಸಿ. ಅವಳ ಕಾಯಿಲೆ ನನ್ನಿಂದಲೇ ಬಂತೆಂದು ಯಾವ ಡಾಕ್ಟರೂ ಹೇಳಿಲ್ಲ, ಹೇಳುವುದಕ್ಕೂ ಆಗುವುದಿಲ್ಲ. ಆದರೆ ರೋಗದ ದಾರಿ ನನ್ನ ಕೆನ್ನೆಯ ಮೇಲೆ ಹಳದಿಯಾಗಿ ಕಾಣುತ್ತಿತ್ತು. ದಾರಿ ಕಂಡರೆ ಅದನ್ನು ಕಟ್ಟಲೂಬಹುದಲ್ಲ!

ಉಳಿದ ಮಾತನ್ನು ಬೇಗಬೇಗ ಮುಗಿಸಿದೆ. ಬಕೆಟ್ಟಿನೊಳಕ್ಕೆ ಎಲ್ಲರೂ ಕೈ ಅದ್ದುವ ಅಭ್ಯಾಸ ಇವತ್ತಿಗೇ ಸಾಕು, ಕೈಯ ಮೇಲೆ ನೀರು ಸುರಿಯಬೇಕು ಅಂದೆ. ಬರೀ ನೀರಿಗೆ ಹಳದಿ ಅಲುಗಲಿಲ್ಲ. ಮುದ್ದಮ್ಮ ಈರುಳ್ಳಿ ಚೀಲದ ಬಲೆಯಲ್ಲಿ ಸೋಪು ಕಟ್ಟಿ ನಲ್ಲಿಗೆ ನೇತುಹಾಕಿದ್ದರು; ಬಿಡಿಯಾಗಿಟ್ಟರೆ ಕಾಗೆ ಹೊತ್ತೊಯ್ಯುತ್ತದೆ. ಸೋಪು ತಾಗಿದ್ದೇ ಹಳದಿ ಕೆಂಪಾಯಿತು. ಪುಟಾಣಿಗಳು ಕಿರುಚಿಕೊಂಡರು.

"ರಕ್ತ ಅಲ್ಲ ಕಣ್ರೋ, ಅರಿಶಿನಕ್ಕೆ ಸೋಪು ಬಿದ್ರೆ ಹಂಗೇಯ," ಎಂದು ಮುದ್ದಮ್ಮ ಗದರಿದರು.

ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು. ಎರಡರ ಮಗ್ಗಿಯನ್ನು ನಿಧಾನವಾಗಿ ಹೇಳಿ ಮುಗಿಸುವವರೆಗೆ ಉಜ್ಜಿಸಿದೆ. ಆದರೂ ಹೆಬ್ಬೆರಳಲ್ಲಿ, ಉಗುರ ಸಂದಿಯಲ್ಲಿ ಬಣ್ಣ ಉಳಿಯಿತು. ಅಲ್ಲೇ ಎಲ್ಲರೂ ಮರೆಯುವುದು ಎಂದು ತೋರಿಸಿದೆ.

ತರಗತಿಗೆ ಹೋಗುವ ಮೊದಲು ಅತ್ತೆಗೆ ಫೋನು ಮಾಡಿದೆ.

"ಅತ್ತೆ, ಇವತ್ತು ಬತ್ತೀನಿ."

"ಹೇಳಿರ್ಲಿಲ್ವಾ ನಾನು?"

"ಮೊದ್ಲು ಬಚ್ಚಲಿಗೆ ಹೋಗ್ತೀನಿ. ಸೀರೆ ಬಿಚ್ಚಾಕಿ, ಸೋಪಲ್ಲಿ ಕೈ ತೊಳ್ಕೊಂಡು, ಆಮೇಲೆ ಎತ್ಕೋತೀನಿ. ಅಲ್ಲೀಗಂಟ ಮುಟ್ಟಲ್ಲ. ನಂಗೇನೂ ಶೀತ ಇಲ್ಲ, ಅತ್ತೆ. ನಂಗೆ ಇರೋಕೆ ಆಯ್ತಾ ಇಲ್ಲ, ಅವಳನ್ನ ನೋಡದೆ."

ಆ ಕಡೆ ಮಗು ಏನನ್ನೋ ಬಡಿಯುವ ಸದ್ದು ಕೇಳಿತು.

"ಅವಳು ನಿನ್ನ ಕಂಡ್ರೆ ಸುಮ್ನಿರಾಕಿಲ್ಲ. ನೀನು ಇರ್ತೀಯಾ?" ಅಂದರು ಅತ್ತೆ. "ಬಾ. ನೋಡನ."

ಬೇಲೂರಿನಲ್ಲಿ ಬಸ್ಸು ಬದಲಿಸಿದೆ. ಹಳೇಬೀಡಿನಲ್ಲಿ ಹತ್ತಿದ ಒಬ್ಬಾಕೆಯ ಕೂಸು ಮುಂದಿನ ಸೀಟಿನಿಂದ ನನ್ನ ಕಡೆ ಕೈ ಚಾಚಿತು. ಹಿಡಿದುಕೊಳ್ಳಲಿಲ್ಲ, ನಕ್ಕು ಸುಮ್ಮನಾದೆ. ಜಾವಗಲ್, ಬಾಣಾವರ, ತೆಂಗಿನ ತೋಟ ಮುಗಿಯುವುದೇ ಇಲ್ಲ. ಡ್ರೈವರ್ ನಿಲ್ಲಿಸಿದ ಕಡೆಯೆಲ್ಲ ಮನಸ್ಸಿನಲ್ಲೇ ಅವನಿಗೆ ಶಾಪ ಹಾಕಿದೆ.

ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮೈತ್ರಿ ಸೊರಗಿಹೋಗಿದ್ದಳು. ನನ್ನನ್ನು ಕಂಡು ಒಂದು ಕ್ಷಣ ಯಾರೋ ಎಂಬಂತೆ ನೋಡಿದಳು. ಆಮೇಲೆ ಗುರುತು ಹತ್ತಿ, ಎರಡೂ ಕೈ ಚಾಚಿ ಮುಂದಕ್ಕೆ ಬಾಗಿದಳು.

ನಾನು ಕೈ ಬೆನ್ನಹಿಂದೆ ಕಟ್ಟಿಕೊಂಡು ಅವಳನ್ನು ದಾಟಿ ಹೋದೆ. ಇದಕ್ಕಿಂತ ಕಷ್ಟದ್ದನ್ನು ನಾನು ಮಾಡಿಲ್ಲ. ಬಚ್ಚಲ ಬಾಗಿಲ ಆಚೆ ಅವಳು "ಅಮ್ಮಾ" ಎಂದು ಊರು ಒಂದಾಗುವಂತೆ ಅತ್ತಳು. ನಾನೂ ಅಳುತ್ತಲೇ ಸೀರೆ ಬದಲಿಸಿ, ಉಗುರು ಉಗುರನ್ನೂ ಬಿಡದೆ ತಿಕ್ಕಿದೆ.

ಹೊರಗೆ ಬಂದಾಗ ಅಳು ನಿಂತಿತ್ತು. ಅವಳು ಮುನಿಸಿಕೊಂಡು ಅಜ್ಜಿಯ ಹೆಗಲಿಗೆ ಮುಖ ಒತ್ತಿದ್ದಳು. ಕರೆದರೆ ತಿರುಗಲಿಲ್ಲ.

"ತಗೋ," ಎಂದು ಅತ್ತೆ ತಾವೇ ಅವಳನ್ನು ನನ್ನ ತೋಳಿಗೆ ಹಾಕಿದರು.

ಮೈತ್ರಿ ಸ್ವಲ್ಪ ಹೊತ್ತು ಮೈ ಬಿಗಿಹಿಡಿದಿದ್ದಳು. ಮತ್ತೆ ಬಿಕ್ಕುತ್ತಾ, ನನ್ನ ಇನ್ನೂ ಒದ್ದೆಯಿದ್ದ ಕೈಯನ್ನು ಹಿಡಿದೆಳೆದು, ಬೆರಳನ್ನು ಬಾಯೊಳಗೆ ಇಟ್ಟುಕೊಂಡಳು. ಹೊಸ ಹಲ್ಲು ಚುಚ್ಚಿತು. ನಾನು ಅತ್ತೆಯ ಮುಖ ನೋಡಿದೆ. ಅವರು ತೆಗಿ ಅನ್ನಲಿಲ್ಲ.